ಸೆಕೆಂಡಿಗೊಮ್ಮೆ ಎಡವುವ ಸ್ಲೋ ಮೋಷನ್

ಪುಣೆಯಲ್ಲಿ ಗಣೇಶ ಹಬ್ಬಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ ತಾಲೀಮು ಶುರುವಾಗುತ್ತದೆ. ಸಂಜೆ ಆಫೀಸು ಮುಗಿಸಿ ಆ ಕಡೆ ಹಾದು ಬಂದವರಿಗೆ ಎದೆಯೊಳಗೇ ಢೋಲು ಬಾರಿಸಿದ ಅನುಭವ ಇದ್ದೇ ಇರುತ್ತದೆ. ಶಿವಮೊಗ್ಗದ ಕಡೆ ಡೊಳ್ಳು ಕೇಳಿ ಬೆಳೆದ ನನಗೆ ಢೋಲಿಗಿಂತ ಕುತೂಹಲ ಹುಟ್ಟಿಸಿದ್ದು ತಾಶಾ. ಕೊರಳಿಗೆ ತೂಗುಬಿಟ್ಟ ಸಣ್ಣ ಬೋಗುಣಿಯಂಥ ವಾದ್ಯ, ಎರಡು ತೆಳು ಕಡ್ಡಿ. ಕಡ್ಡಿಗಳು ಆಡುವ ವೇಗಕ್ಕೆ ಕಣ್ಣಿಗೆ ಕಾಣುವುದು ಮಸುಕು ಮಾತ್ರ. ಕೈ ಏನು ಮಾಡುತ್ತಿದೆ ಎಂಬುದು ಗೊತ್ತಾಗಬೇಕಾದರೆ ಸ್ಲೋ ಮೋಷನ್ನೇ ಆಗಬೇಕು.

ಲೆಕ್ಕ ಸರಳ. ಸೆಕೆಂಡಿಗೆ ಎಂಟು ಪೆಟ್ಟು ಬೀಳುತ್ತಿವೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 25 ಫ್ರೇಮಿನ ಸಾಮಾನ್ಯ ವಿಡಿಯೊದಲ್ಲಿ ಒಂದು ಪೆಟ್ಟಿಗೆ ಸಿಗುವುದು ಮೂರೇ ಫ್ರೇಮು: ಕಡ್ಡಿ ಮೇಲೆ, ಕಡ್ಡಿ ಕೆಳಗೆ, ನಡುವೆ ಒಂದು ಮಸುಕು. ಅದನ್ನೇ 100 ಫ್ರೇಮಿನಲ್ಲಿ ತೆಗೆದರೆ ಹನ್ನೆರಡು ಫ್ರೇಮು ಸಿಗುತ್ತವೆ. ಆ 100 ಫ್ರೇಮುಗಳನ್ನು ಸೆಕೆಂಡಿಗೆ 25ರಂತೆ ನಿಧಾನವಾಗಿ ತೋರಿಸಿದಾಗ ನಾಲ್ಕು ಪಟ್ಟು ನಿಧಾನವಾದ, ಆದರೆ ನಯವಾದ ಚಲನೆ ಕಾಣುತ್ತದೆ. ಹೀಗೆ ಹೆಚ್ಚು ವೇಗದಲ್ಲಿ ತೆಗೆದದ್ದನ್ನು ಟೈಮ್‌ಲೈನಿನ ವೇಗಕ್ಕೆ ಒಗ್ಗಿಸುವ ಕೆಲಸಕ್ಕೆ ಎಡಿಟರುಗಳು ಕನ್‌ಫಾರ್ಮ್ ಎನ್ನುತ್ತಾರೆ. ಕ್ಯಾಮೆರಾ ತೆಗೆದ ಒಂದು ಫ್ರೇಮು, ಟೈಮ್‌ಲೈನಿನಲ್ಲಿ ಒಂದು ಫ್ರೇಮು, ಅಷ್ಟೇ. ಈ ಒಂದಕ್ಕೊಂದು ಸಂಬಂಧ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹೋದ ವರ್ಷ ಹತ್ತಿರದಿಂದ ನೋಡಿದೆ.

ನನ್ನ ಸಹೋದ್ಯೋಗಿ ಗದಗಿನವನು. ವಾರಾಂತ್ಯದಲ್ಲಿ ಕ್ಯಾಮೆರಾ ಹಿಡಿದು ಊರೂರು ತಿರುಗುವ ಹವ್ಯಾಸ. ಒಂದು ಪಥಕದವರು ಹಬ್ಬದ ಮೊದಲ ದಿನ ತೋರಿಸಲು ಮೂರು ನಿಮಿಷದ ವಿಡಿಯೊ ಕೇಳಿದ್ದರು. ಅದರ ಜೀವಾಳ ಅವರ ಹಿರಿಯ ತಾಶಾ ವಾದಕ. ಎಲ್ಲರೂ ಕಾಕಾ ಎಂದೇ ಕರೆಯುವ, ಅರವತ್ತು ದಾಟಿದ ಮನುಷ್ಯ. ಮಣಿಕಟ್ಟು ನೋವಿನಿಂದಾಗಿ ಡಾಕ್ಟರು ಬಾರಿಸುವುದು ಸಾಕು ಎಂದಿದ್ದರು. ಗೆಳೆಯ ಚಿತ್ರೀಕರಿಸಿದ ಸಂಜೆಯೇ ಅವರು ಕಡ್ಡಿ ಹಿಡಿದ ಕೊನೆಯ ತಾಲೀಮು. ಅಂದರೆ ಮತ್ತೊಮ್ಮೆ ಹೋಗಿ ತೆಗೆದುಕೊಂಡು ಬರುತ್ತೇನೆ ಎನ್ನುವ ಹಾಗಿರಲಿಲ್ಲ.

ಕ್ಯಾಮೆರಾದ ಮೆನುವಿನಲ್ಲಿ 120 ಎಂದಿತ್ತು, 120ರಲ್ಲೇ ತೆಗೆದ. ಮನೆಗೆ ಬಂದು 25 ಫ್ರೇಮಿನ ಟೈಮ್‌ಲೈನಿಗೆ ಕ್ಲಿಪ್ಪು ಎಳೆದು, ವೇಗವನ್ನು 20%ಗೆ ಇಳಿಸಿದ. ಕಡ್ಡಿ ನಿಧಾನವಾಗಿ ಏಳುತ್ತದೆ, ಇಳಿಯುತ್ತದೆ, ಚೆಂದ. ಆದರೆ ಹೆಚ್ಚೂಕಡಿಮೆ ಸೆಕೆಂಡಿಗೊಮ್ಮೆ ಏನೋ ಚಿಟಿಕೆ ಹೊಡೆದ ಹಾಗೆ ಚಿತ್ರ ಎಡವುತ್ತದೆ. ಮೊದಲ ಸಲ ನೋಡಿದವರಿಗೆ ಏನೆಂದು ಹೇಳಲು ಬಾರದು, ಆದರೆ ಕಣ್ಣಿಗೆ ಕಿರಿಕಿರಿ.

‘ಲ್ಯಾಪ್‌ಟಾಪ್ ಮುದಿ ಆಗೇತಿ ಬಿಡಪಾ, ಹೊಸಾ ಎಸ್‌ಎಸ್‌ಡಿ ಹಾಕಸ್ಬೇಕು ಅನಸ್ತೈತಿ’ ಅಂದ.

ಲ್ಯಾಪ್‌ಟಾಪ್ ತಡವರಿಸುತ್ತಿದ್ದರೆ ಎಡವುವಿಕೆ ಒಂದೊಂದು ಸಲ ಒಂದೊಂದು ಕಡೆ ಬರಬೇಕು. ಇದು ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತಿತ್ತು. ಎಕ್ಸ್‌ಪೋರ್ಟ್ ಮಾಡಿ ಫೋನಿನಲ್ಲಿ ನೋಡಿದರೂ ಅಲ್ಲೇ. ಹಾಗಾದರೆ ದೋಷ ಯಂತ್ರದ್ದಲ್ಲ, ಫೈಲಿನದ್ದು ಅಥವಾ ಲೆಕ್ಕದ್ದು. ಪರೀಕ್ಷೆ ಮಾಡುವ ವಿಧಾನ ಬಹಳ ಸುಲಭ. ಟೈಮ್‌ಲೈನಿನಲ್ಲಿ ಕ್ಲಿಪ್ಪಿನ ಮೇಲೆ ನಿಂತು, ಕೀಬೋರ್ಡಿನ ಬಲಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತಾ ಮೂವತ್ತು ಫ್ರೇಮು ಮುಂದೆ ಹೋಗಿ. ಪ್ರತಿ ಒತ್ತಿಗೂ ಕಡ್ಡಿ ಒಂದಿಷ್ಟು ಸರಿಯಬೇಕು. ನಾವು ಎಣಿಸುತ್ತಾ ಹೋದೆವು. ಸುಮಾರು ಇಪ್ಪತ್ತನಾಲ್ಕು ಒತ್ತಿಗೆ ಒಮ್ಮೆ ಕಡ್ಡಿ ನಿಂತಲ್ಲೇ ನಿಂತಿತು. ಅದೇ ಫ್ರೇಮು ಎರಡು ಸಲ ಬಂದಿತ್ತು.

ಕ್ಯಾಮೆರಾ ನಿಜವಾಗಿ ಏನು ಬರೆದಿದೆ ಎಂದು ಮೆನುವನ್ನು ನಂಬಬಾರದು, ಫೈಲನ್ನೇ ಕೇಳಬೇಕು. ಎಫ್‌ಎಫ್‌ಎಂಪೆಗ್ ಜೊತೆ ಉಚಿತವಾಗಿ ಬರುವ ಒಂದು ಸಣ್ಣ ಸಾಧನ ಇದನ್ನು ಹೇಳುತ್ತದೆ. ನಮ್ಮ ವೃತ್ತಿಯವರಿಗೆ ಕಪ್ಪು ಪರದೆಯ ಭಯವಿಲ್ಲವಲ್ಲ:

```
ffprobe -v error -select_streams v:0 -show_entries stream=r_frame_rate,avg_frame_rate,nb_frames -of default=noprint_wrappers=1 C0042.MP4
```

ಎಂಟು ಸೆಕೆಂಡಿನ ಆ ಕ್ಲಿಪ್ಪಿಗೆ ಬಂದ ಉತ್ತರ:

```
r_frame_rate=120000/1001
avg_frame_rate=120000/1001
nb_frames=959
```

120000ವನ್ನು 1001ರಿಂದ ಭಾಗಿಸಿದರೆ 119.88. ಮೆನುವಿನ 120 ಎಂಬುದು ದುಂಡು ಮಾಡಿದ ಸಂಖ್ಯೆ. 1953ರಲ್ಲಿ ಅಮೆರಿಕದವರು ಕಪ್ಪು-ಬಿಳುಪು ಟೀವಿಗೆ ಬಣ್ಣ ಸೇರಿಸುವಾಗ, ಬಣ್ಣದ ಸಂಕೇತ ಧ್ವನಿಯ ಸಂಕೇತಕ್ಕೆ ಅಡ್ಡ ಬರದಿರಲೆಂದು ಫ್ರೇಮುಗಳ ವೇಗವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. 30 ಹೋಗಿ 29.97 ಆಯಿತು. ಅದರಿಂದ 59.94, 119.88, ಸಿನಿಮಾದ 24ಕ್ಕೆ 23.976 ಎಲ್ಲ ಹುಟ್ಟಿದವು. ಆ ಟೀವಿಗಳು ಗುಜರಿ ಸೇರಿ ಎಷ್ಟೋ ಕಾಲವಾಯಿತು, ದಶಮಾಂಶ ಮಾತ್ರ ನಮ್ಮ ಬೆನ್ನು ಬಿಟ್ಟಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಎಂಟು ಸೆಕೆಂಡಿನ ಕ್ಲಿಪ್ಪನ್ನು 20% ಮಾಡಿದರೆ ನಲವತ್ತು ಸೆಕೆಂಡು ಆಗುತ್ತದೆ. 25 ಫ್ರೇಮಿನ ಟೈಮ್‌ಲೈನಿನಲ್ಲಿ ನಲವತ್ತು ಸೆಕೆಂಡಿಗೆ ಬೇಕಾದ ಫ್ರೇಮು 1000. ಕ್ಯಾಮೆರಾ ಕೊಟ್ಟಿರುವುದು 959. ಉಳಿದ 41 ಎಲ್ಲಿಂದ ಬರಬೇಕು? ಸಾಫ್ಟ್‌ವೇರು ಇದ್ದ ಫ್ರೇಮುಗಳಲ್ಲೇ 41ನ್ನು ಎರಡೆರಡು ಸಲ ತೋರಿಸಿ ಸರಿದೂಗಿಸುತ್ತದೆ. ನಲವತ್ತು ಸೆಕೆಂಡಿಗೆ 41. ಸೆಕೆಂಡಿಗೊಮ್ಮೆ ಎಡವುತ್ತಿದ್ದದ್ದು ಇದೇ.

20% ಎಂಬ ಸಂಖ್ಯೆ ಅವನಿಗೆ ಸಿಕ್ಕಿದ್ದು ಯೂಟ್ಯೂಬಿನಲ್ಲಿ, ಅಮೆರಿಕದವರೊಬ್ಬರ ಟ್ಯುಟೋರಿಯಲ್ಲಿನಲ್ಲಿ. ಅಲ್ಲಿ ಅದು ತಪ್ಪೇನೂ ಅಲ್ಲ. ಅವರ ಟೈಮ್‌ಲೈನು 23.976. ಅದರ ಐದು ಪಟ್ಟು ಕರಾರುವಾಕ್ಕಾಗಿ 119.88. ಹಾಗಾಗಿ ಅವರಿಗೆ 20% ಅಂದರೆ ಒಂದಕ್ಕೊಂದು ಫ್ರೇಮು. ಆದರೆ ನಮ್ಮ ದೇಶದ ಟೀವಿ ಪದ್ಧತಿ 25 ಫ್ರೇಮಿನದು. ಪಥಕದವರ ಹಳೆಯ ವಿಡಿಯೊಗಳು, ಉಳಿದ ಕ್ಯಾಮೆರಾಗಳ ಕ್ಲಿಪ್ಪುಗಳು ಎಲ್ಲವೂ 25ರಲ್ಲಿದ್ದವು. ಸ್ಲೋ ಮೋಷನ್ನಿಗಾಗಿ ಇಡೀ ಟೈಮ್‌ಲೈನನ್ನು 23.976 ಮಾಡಿದರೆ ಇವೆಲ್ಲ ಎಡವಲು ಶುರುಮಾಡುತ್ತವೆ.

ಗೆಳೆಯ ಅಷ್ಟರೊಳಗೆ ಇನ್ನೊಂದು ಮದ್ದನ್ನೂ ಪ್ರಯತ್ನಿಸಿದ್ದ. ಆಪ್ಟಿಕಲ್ ಫ್ಲೋ ಎಂಬ ಆಯ್ಕೆ ಒತ್ತಿದರೆ ಸಾಫ್ಟ್‌ವೇರು ಎರಡು ಫ್ರೇಮುಗಳನ್ನು ಹೋಲಿಸಿ, ನಡುವೆ ಇರಬೇಕಾದ ಫ್ರೇಮನ್ನು ಊಹಿಸಿ ತಾನೇ ಬರೆಯುತ್ತದೆ. ಎಡವುವುದು ನಿಂತಿತು. ಬದಲಿಗೆ ಎರಡು ಕಡ್ಡಿಗಳು ಒಂದನ್ನೊಂದು ದಾಟುವ ಕಡೆ ಮೇಣದಂತೆ ಕರಗಿ, ಕಾಕಾ ಅವರ ಬೆರಳಿನ ಅಂಚು ನೀರಿನೊಳಗಿನ ಹಾಗೆ ಅಲುಗಾಡತೊಡಗಿತು. ಇಲ್ಲಿ ಸೋಜಿಗದ ಸಂಗತಿಯೆಂದರೆ, ಕೊರತೆ ಇದ್ದದ್ದು 41 ಫ್ರೇಮು ಮಾತ್ರ, ಆದರೆ ಆಪ್ಟಿಕಲ್ ಫ್ಲೋ ಊಹಿಸಿದ್ದು ಬಹುಪಾಲು ಎಲ್ಲವನ್ನೂ. 20%ರಲ್ಲಿ ಟೈಮ್‌ಲೈನಿನ ಪ್ರತಿ ಹೆಜ್ಜೆಗೂ ಮೂಲ ಕ್ಲಿಪ್ಪು 0.959 ಫ್ರೇಮು ಮುಂದೆ ಹೋಗುತ್ತದೆ. ಅಂದರೆ ಪ್ರತಿ ಹೆಜ್ಜೆಯೂ ಎರಡು ನಿಜವಾದ ಫ್ರೇಮುಗಳ ನಡುವೆ ಎಲ್ಲೋ ಬೀಳುತ್ತದೆ. ಕೈಯಲ್ಲಿ 959 ಅಸಲಿ ಫ್ರೇಮು ಇಟ್ಟುಕೊಂಡು ನಕಲಿ ತೋರಿಸಿದ ಹಾಗಾಯಿತು. ನಿಧಾನವಾಗಿ ತಿರುಗುವ ದೃಶ್ಯಕ್ಕೆ ಆಪ್ಟಿಕಲ್ ಫ್ಲೋ ನಡೆಯುತ್ತದೆ. ಒಂದರ ಹಿಂದೆ ಒಂದು ಅಡಗುವ ಕಡ್ಡಿ, ಬೆರಳು, ನೀರಿನ ಹನಿಗೆ ನಾನಂತೂ ಅದನ್ನು ಬಳಸುವುದಿಲ್ಲ.

ಸರಿಯಾದ ದಾರಿ ಶೇಕಡಾವಾರು ಲೆಕ್ಕವನ್ನೇ ಬಿಟ್ಟುಬಿಡುವುದು. ಈ ಫೈಲನ್ನು ಸೆಕೆಂಡಿಗೆ 25 ಫ್ರೇಮಿನದು ಎಂದೇ ಓದು ಎಂದು ಸಾಫ್ಟ್‌ವೇರಿಗೆ ಹೇಳಬೇಕು. ಪ್ರೀಮಿಯರ್ ಪ್ರೊದಲ್ಲಿ ಕ್ಲಿಪ್ಪನ್ನು ಬಿನ್ನಿನಲ್ಲೇ ಬಲಕ್ಲಿಕ್ ಮಾಡಿ `Modify > Interpret Footage` ತೆರೆದು, `Assume this frame rate` ಎಂಬಲ್ಲಿ 25 ಎಂದು ಬರೆಯಬೇಕು. ಡಾವಿಂಚಿ ರಿಸಾಲ್ವ್‌ನಲ್ಲಿ `Clip Attributes` ಒಳಗೆ `Video Frame Rate` 25 ಮಾಡಬೇಕು. ಆಗ 959 ಫ್ರೇಮುಗಳೂ ಒಂದರ ಹಿಂದೆ ಒಂದು, ಒಂದೂ ಬಿಡದೆ, ಒಂದೂ ಮರುಕಳಿಸದೆ ಬರುತ್ತವೆ. ಕ್ಲಿಪ್ಪಿನ ಉದ್ದ 40 ಸೆಕೆಂಡಿನ ಬದಲು 38.36 ಸೆಕೆಂಡು ಆಗುತ್ತದೆ. ಐದು ಪಟ್ಟು ನಿಧಾನ ಆಗಬೇಕಿದ್ದದ್ದು ಸುಮಾರು 4.8 ಪಟ್ಟು ಆಯಿತು. ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಎಡವುವುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಈ ಕೆಲಸವನ್ನು ಕತ್ತರಿಸುವ ಮೊದಲೇ ಮಾಡಬೇಕು. ಗೆಳೆಯ ಆಗಲೇ ಅರ್ಧ ಎಡಿಟ್ ಮುಗಿಸಿದ್ದ. ಈ ಬದಲಾವಣೆ ಕ್ಲಿಪ್ಪಿನ ಬುಡಕ್ಕೇ ಆಗುವುದರಿಂದ, ಟೈಮ್‌ಲೈನಿನಲ್ಲಿ ಈಗಾಗಲೇ ಇಟ್ಟ ತುಣುಕುಗಳೂ ಬದಲಾಗುತ್ತವೆ. ಜೊತೆಗೆ ಅವುಗಳ ಮೇಲೆ ಹಳೆಯ 20% ಹಾಗೇ ಕುಳಿತಿರುತ್ತದೆ. 25ಕ್ಕೆ ಒಗ್ಗಿಸಿದ ಕ್ಲಿಪ್ಪಿನ ಮೇಲೆ ಮತ್ತೆ 20% ಅಂದರೆ ಪ್ರತಿ ಫ್ರೇಮು ಐದೈದು ಸಲ, ಸ್ಲೈಡ್ ಶೋ ನೋಡಿದ ಹಾಗೆ. ಆದ್ದರಿಂದ ಪ್ರಾಜೆಕ್ಟಿನ ಪ್ರತಿ ಉಳಿಸಿಕೊಂಡು, ಪ್ರತಿ ತುಣುಕು ಯಾವ ಪೆಟ್ಟಿನಿಂದ ಶುರು, ಯಾವ ಪೆಟ್ಟಿಗೆ ಕೊನೆ ಎಂದು ಕಾಗದದಲ್ಲಿ ಬರೆದುಕೊಂಡೆವು. ಸ್ಲೋ ಮೋಷನ್ ತುಣುಕುಗಳನ್ನೆಲ್ಲ ಅಳಿಸಿ, ಒಗ್ಗಿಸಿದ ಕ್ಲಿಪ್ಪಿನಿಂದ 100% ವೇಗದಲ್ಲೇ ಹೊಸದಾಗಿ ಕತ್ತರಿಸಿ ಕೂರಿಸಿದೆವು. ಒಂದು ಭಾನುವಾರ ಹೋಯಿತು. ಧ್ವನಿಯ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ನಾಲ್ಕೈದು ಪಟ್ಟು ನಿಧಾನವಾದ ತಾಶಾ ಎರಡು ಸಪ್ತಕಕ್ಕೂ ಕೆಳಗೆ ಇಳಿದು ಗೂಳಿ ಗುಟುರು ಹಾಕಿದಂತೆ ಕೇಳುತ್ತದೆ, ಹಾಗಾಗಿ ಸಾಮಾನ್ಯ ವೇಗದ ಕ್ಲಿಪ್ಪಿನ ಧ್ವನಿಯನ್ನೇ ಕೆಳಗೆ ಹಾಸಿದೆವು.

ಮುಗಿದದ್ದನ್ನು ಕಾಕಾಗೆ ತೋರಿಸಿದಾಗ ಅವರು ಹೊಗಳಲಿಲ್ಲ. ಎರಡು ಸಲ ನೋಡಿ, ತಮ್ಮ ಎಡಗೈ ಕಡ್ಡಿ ಬಲಗೈಗಿಂತ ತಗ್ಗಿನಲ್ಲೇ ನಿಲ್ಲುತ್ತಿದೆ, ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ ಎಂದರು. ಹುಡುಗರಿಗೆ ಕಲಿಸಲು ಆ ತುಣುಕು ಬೇಕು, ಆದರೆ ಇಷ್ಟು ನಿಧಾನ ಬೇಡ, ಇದರ ಎರಡರಷ್ಟು ವೇಗ ಇರಲಿ ಎಂದರು. ಒಗ್ಗಿಸಿದ ಕ್ಲಿಪ್ಪನ್ನು 200% ಮಾಡಿದರೆ ಒಂದು ಬಿಟ್ಟು ಒಂದು ಫ್ರೇಮು ಬರುತ್ತದೆ, ಹೆಜ್ಜೆ ಸಮ. 150% ಕೇಳಿದ್ದರೆ ಕಷ್ಟವಿತ್ತು. ಒಮ್ಮೆ ಒಂದು ಫ್ರೇಮು, ಒಮ್ಮೆ ಎರಡು ಫ್ರೇಮು ಜಿಗಿಯುತ್ತಾ ಚಿತ್ರ ಕುಂಟುತ್ತದೆ. ವೇಗ ಬದಲಿಸುವಾಗ ನೆನಪಿಡಬೇಕಾದದ್ದು ಇಷ್ಟೇ: ಮೂಲ ಕ್ಲಿಪ್ಪು ಪ್ರತಿ ಹೆಜ್ಜೆಗೆ ಒಂದೋ ಎರಡೋ ನಾಲ್ಕೋ ಪೂರ್ಣ ಫ್ರೇಮು ಮುಂದೆ ಹೋಗಬೇಕು, ಒಂದೂವರೆ ಅಲ್ಲ.

ಇಷ್ಟೆಲ್ಲ ಸರಿಹೋದರೂ ಒಂದು ತೊಂದರೆ ಉಳಿಯಿತು, ಅದಕ್ಕೆ ಎಡಿಟಿಂಗಿನಲ್ಲಿ ಪೂರ್ತಿ ಪರಿಹಾರ ಸಿಗಲಿಲ್ಲ. ಆರೂವರೆಯವರೆಗಿನ ಹಗಲು ಬೆಳಕಿನ ಕ್ಲಿಪ್ಪುಗಳು ಚೆನ್ನಾಗಿದ್ದವು. ಆಮೇಲೆ ಫ್ಲಡ್‌ಲೈಟು ಹಾಕಿದ ಮೇಲಿನವು ಉಸಿರಾಡುತ್ತಿದ್ದವು. ಬೆಳಕು ಸೆಕೆಂಡಿಗೆ ಸುಮಾರು ನಾಲ್ಕು ಸಲ ಏರಿ ಇಳಿಯುತ್ತಿತ್ತು, ಜೊತೆಗೆ ಮಬ್ಬು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು.

ಕಾರಣ ನಮ್ಮ ವಿದ್ಯುತ್ತು. ಭಾರತದ ಮೇನ್ಸ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪ ಅದಕ್ಕೆ ಸರಿಯಾಗಿ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಕಣ್ಣಿಗೆ ಅದು ತಿಳಿಯದು. ಕ್ಯಾಮೆರಾ ಸೆಕೆಂಡಿಗೆ 119.88 ಸಲ ನೋಡುತ್ತಿದೆ. ಎರಡರ ತಾಳ ಸೇರದೆ ಸೆಕೆಂಡಿಗೆ ಸುಮಾರು ಇಪ್ಪತ್ತು ಸಲ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಅದನ್ನು 4.8 ಪಟ್ಟು ನಿಧಾನ ಮಾಡಿದಾಗ ಸೆಕೆಂಡಿಗೆ ನಾಲ್ಕು ಸಲ, ಢಾಳಾಗಿ ಕಾಣುತ್ತದೆ. ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಇದಕ್ಕೊಂದು ಡಿಫ್ಲಿಕರ್ ಇದೆ. ಒಟ್ಟಾರೆ ಮಿಣುಕನ್ನು ಅದು ತಗ್ಗಿಸಿತು. ಹರಿಯುವ ಪಟ್ಟೆಗಳು ಕಾಕಾ ಅವರ ಬಿಳಿ ಅಂಗಿಯ ಮೇಲೆ ಹಾಗೇ ಉಳಿದವು. ಆ ಕ್ಲಿಪ್ಪುಗಳಲ್ಲೇ ಅವರು ಅತ್ಯುತ್ತಮವಾಗಿ ಬಾರಿಸಿದ್ದರು ಎಂಬುದು ಬೇಜಾರಿನ ಸಂಗತಿ. ಎರಡು ಸೆಕೆಂಡಿನ ಒಂದು ತುಣುಕು ಬಿಟ್ಟು ಉಳಿದದ್ದನ್ನೆಲ್ಲ ಕೈಬಿಡಬೇಕಾಯಿತು.

ಸ್ವಾರಸ್ಯವೆಂದರೆ ಈ ಎರಡೂ ರೋಗಕ್ಕೆ ಮದ್ದು ಕ್ಯಾಮೆರಾದ ಮೆನುವಿನಲ್ಲಿ ಒಂದೇ ಸಾಲಿನಲ್ಲಿತ್ತು. ಆ ಕ್ಯಾಮೆರಾ `NTSC` ಎಂದು ಹೊಂದಿಸಿತ್ತು. ಅದನ್ನು `PAL` ಮಾಡಿದರೆ ಮೆನುವಿನ 120 ಹೋಗಿ 100 ಬರುತ್ತದೆ, 60ರ ಜಾಗದಲ್ಲಿ 50, 30ರ ಜಾಗದಲ್ಲಿ 25. ಈ 100ಕ್ಕೆ ದಶಮಾಂಶದ ಬಾಲವಿಲ್ಲ. 25ರ ನಾಲ್ಕು ಪಟ್ಟು, ಅಷ್ಟೇ. ಟೈಮ್‌ಲೈನಿನಲ್ಲಿ 25% ಎಂದು ಬರೆದರೂ ಒಂದಕ್ಕೊಂದು ಫ್ರೇಮು ಬರುತ್ತದೆ, 50% ಅಂದರೆ ಒಂದು ಬಿಟ್ಟು ಒಂದು. ದೀಪವೂ ಸೆಕೆಂಡಿಗೆ 100 ಸಲ ಮಿಡಿಯುವುದರಿಂದ, ಪ್ರತಿ ಫ್ರೇಮಿಗೂ ಮಿಡಿತದ ಒಂದೇ ಭಾಗ ಸಿಗುತ್ತದೆ. 120 ದೊಡ್ಡ ಸಂಖ್ಯೆ, ಆದ್ದರಿಂದ ಒಳ್ಳೆಯದು ಎಂದು ಅನ್ನಿಸುವುದು ಸಹಜ. ನಮ್ಮ ಕರೆಂಟು, ನಮ್ಮ ಟೈಮ್‌ಲೈನು ಎರಡಕ್ಕೂ ಹೊಂದುವುದು 100.

ಶಟರಿನ ಮಾತು ಇಲ್ಲಿ ಸ್ವಲ್ಪ ಹೇಳಬೇಕು. ಫ್ರೇಮಿನ ಅವಧಿಯ ಅರ್ಧದಷ್ಟು ಶಟರು ತೆರೆದಿರಲಿ ಎಂಬುದು ವಾಡಿಕೆ. 25 ಫ್ರೇಮಿಗೆ 1/50, 100 ಫ್ರೇಮಿಗೆ 1/200. ಅಂದರೆ ಪ್ರತಿ ಫ್ರೇಮಿಗೆ ನಾಲ್ಕನೇ ಒಂದು ಭಾಗದ ಬೆಳಕು ಮಾತ್ರ. ಸಂಜೆಯ ಹೊತ್ತಿಗೆ ಐಎಸ್‌ಒವನ್ನು ನಾಲ್ಕು ಪಟ್ಟು ಏರಿಸಬೇಕು, ಕಾಳುಕಾಳು ಹೆಚ್ಚುತ್ತದೆ. ಹಗಲಿನಲ್ಲಿ 1/200 ಸರಿ. ದೀಪದ ಕೆಳಗೆ ಮಾತ್ರ 1/100ಕ್ಕೆ ಇಳಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಆಗ ಪ್ರತಿ ಫ್ರೇಮೂ ದೀಪದ ಒಂದು ಪೂರ್ತಿ ಮಿಡಿತವನ್ನು ನುಂಗುತ್ತದೆ. ಪಟ್ಟೆ ಇಲ್ಲ, ಮಿಣುಕಿಲ್ಲ, 1/200ಕ್ಕಿಂತ ಎರಡರಷ್ಟು ಬೆಳಕು. ಕಡ್ಡಿಯ ತುದಿ ತುಸು ಹೆಚ್ಚು ಮಸುಕಾಗುತ್ತದೆ, ಅದನ್ನು ಸಹಿಸಿಕೊಳ್ಳಬಹುದು. 1/200ರಲ್ಲೇ ಇಟ್ಟರೆ ಮೇನ್ಸ್ ಸರಿಯಾಗಿ 50ರಲ್ಲೇ ನಿಲ್ಲದೆ ಚೂರು ಆಚೀಚೆ ಓಲಾಡುವುದರಿಂದ ಪಟ್ಟೆಯೊಂದು ಬಹಳ ನಿಧಾನವಾಗಿ ಜಾರುವುದು ಕಾಣಿಸಬಹುದು.

ಮೊದಲಿಂದ ಕೊನೆಯವರೆಗೆ 100ರಲ್ಲೇ ತೆಗೆದುಬಿಡೋಣ, ಬೇಕಾದ್ದನ್ನು ಆಮೇಲೆ ನಿಧಾನ ಮಾಡಿಕೊಂಡರಾಯಿತು ಎಂಬ ಯೋಚನೆಯೂ ಬರುತ್ತದೆ. 1/200 ಶಟರಿನ ಕ್ಲಿಪ್ಪನ್ನು ಮಾಮೂಲಿ ವೇಗದಲ್ಲಿ ತೋರಿಸಿದರೆ ನಾಲ್ಕರಲ್ಲಿ ಮೂರು ಫ್ರೇಮು ಬಿಟ್ಟುಹೋಗುತ್ತವೆ, ಉಳಿದವು ಚೂಪಾಗಿರುತ್ತವೆ, ಚಲನೆ ಕಟ್‌ಕಟ್ ಎನಿಸುತ್ತದೆ. ಮಾಮೂಲಿ ವೇಗದಲ್ಲಿ ತೋರಿಸುವುದನ್ನು ಮಾಮೂಲಿ 25, 1/50ರಲ್ಲೇ ತೆಗೆಯುವುದು ಒಳ್ಳೆಯದು. ಕೆಲವು ಕ್ಯಾಮೆರಾಗಳು ತಾವೇ ಒಗ್ಗಿಸಿ, ಧ್ವನಿಯಿಲ್ಲದ 25 ಫ್ರೇಮಿನ ಫೈಲು ಬರೆಯುತ್ತವೆ. ಅಂಥದ್ದನ್ನು ಟೈಮ್‌ಲೈನಿನಲ್ಲಿ ಮತ್ತೆ ಒಗ್ಗಿಸಬಾರದು. ಮೇಲಿನ ಆಜ್ಞೆಗೆ `25/1` ಎಂದು ಉತ್ತರ ಬಂದರೆ ಅದು ಆಗಲೇ ತಯಾರಾದ ಅಡುಗೆ. ಫೋನಿನ ಕ್ಲಿಪ್ಪಾದರೆ ಮೊದಲೆರಡು ಸಾಲಿನ ಸಂಖ್ಯೆಗಳು ಒಂದೇ ಆಗಿವೆಯೇ ನೋಡಿ. ಬೇರೆ ಬೇರೆ ಇದ್ದರೆ ಫೋನು ವೇಗವನ್ನು ನಡುನಡುವೆ ಬದಲಿಸಿದೆ ಎಂದು ಅರ್ಥ.

ಈ ಸಲದ ತಾಲೀಮಿಗೆ ಹೋಗುವ ಮುನ್ನ ಗೆಳೆಯ ಫೋನು ಮಾಡಿದ್ದ. ‘ಪಾಲ್‌ಗೆ ಹಾಕೇನಿ, ಆದ್ರ ಕಾರ್ಡ್ ಫಾರ್ಮ್ಯಾಟ್ ಮಾಡು ಅನ್ನಾಕತ್ತೈತಿ’ ಅಂದ. ಕೆಲವು ಕ್ಯಾಮೆರಾಗಳು ಪದ್ಧತಿ ಬದಲಿಸಿದಾಗ ಹಾಗೆ ಕೇಳುತ್ತವೆ, ಹಳೆಯ ಪದ್ಧತಿಯಲ್ಲಿ ಸಿದ್ಧವಾದ ಕಾರ್ಡನ್ನು ಒಪ್ಪುವುದಿಲ್ಲ. ಕಾರ್ಡಿನಲ್ಲಿರುವ ಹಳೆಯ ಕ್ಲಿಪ್ಪುಗಳನ್ನು ಮೊದಲು ಲ್ಯಾಪ್‌ಟಾಪಿಗೆ ಇಳಿಸಿಕೊ, ಆಮೇಲೆ ಒತ್ತು ಎಂದೆ. ನದಿ ದಂಡೆಗೆ ಹೋದಮೇಲೆ ನೋಡಿದರಾಯಿತು ಎಂದುಕೊಂಡಿದ್ದನಂತೆ, ಮನೆಯಲ್ಲೇ ಮುಗಿಸಿಕೊಂಡು ಹೊರಟ.